ನಿವೃತ್ತಿಗೆ ಗದಗವೋ ಧಾರವಾಡವೋ: ಮನೆ ಹುಡುಕುವ ಮೊದಲು ಮಾಡಬೇಕಾದ ಲೆಕ್ಕ

2023ರ ಮೇ ತಿಂಗಳಲ್ಲಿ ನಮ್ಮ ಮನೆಯವರು ಬೆಂಗಳೂರಿನ ಖಾಸಗಿ ಕಂಪನಿಯಿಂದ ನಿವೃತ್ತರಾದರು. ಅವರಿಗೆ ಅರವತ್ತು, ನನಗೆ ಐವತ್ತೇಳು. ಪಿಎಫ್, ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿ ಕೈಯಲ್ಲಿದ್ದದ್ದು 58 ಲಕ್ಷ ರೂಪಾಯಿ. ಸ್ವಂತ ಮನೆ ಇರಲಿಲ್ಲ. ತಿಂಗಳಿಗೆ 24 ಸಾವಿರ ಬಾಡಿಗೆ ಕಟ್ಟುತ್ತಾ ಬೆಂಗಳೂರಿನಲ್ಲೇ ಇರುವುದು ಆಗದ ಮಾತಾಗಿತ್ತು. ಅವರ ಊರು ಗದಗ, ಹಾಗಾಗಿ ಅಲ್ಲಿಗೇ ಹೋಗೋಣ ಅಂತ ಹೊರಟೆವು. ಕೊನೆಗೆ ಬಂದು ನೆಲೆಸಿದ್ದು ಧಾರವಾಡದಲ್ಲಿ. ಯಾಕೆ ಹಾಗಾಯಿತು, ಎಲ್ಲಿ ತಪ್ಪಿದೆವು, ದುಡ್ಡಿನ ಲೆಕ್ಕ ಹೇಗೆ ಹಾಕಿದೆವು ಅನ್ನೋದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಸರ್ಕಾರಿ ಪಿಂಚಣಿ ಇಲ್ಲದೆ ಖಾಸಗಿ ಕೆಲಸದಿಂದ ನಿವೃತ್ತರಾಗುವವರಿಗೆ ಇದು ಹೆಚ್ಚು ಉಪಯೋಗವಾಗುತ್ತದೆ.

ಯಾವ ಖರ್ಚು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ

ಮೊದಲ ಕೆಲಸ ಇದು. ಈಗಿನ ಊರಿನ ಮೂರು ತಿಂಗಳ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಪ್ರತಿ ಸಾಲಿನ ಮುಂದೆ "ಊರು ಬದಲಾದರೆ ಇದು ಇಳಿಯುತ್ತದೆಯೇ?" ಅಂತ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ನಮ್ಮಿಬ್ಬರಿಗೆ ತಿಂಗಳಿಗೆ 50 ಸಾವಿರ ಬೇಕಾಗುತ್ತಿತ್ತು. ಧಾರವಾಡದಲ್ಲಿ ಅದು 32 ಸಾವಿರಕ್ಕೆ ಇಳಿಯಿತು. ಬಾಡಿಗೆ 11 ಸಾವಿರ, ಕಿರಾಣಿ, ಹಾಲು, ಕಾಯಿಪಲ್ಲೆ 9 ಸಾವಿರ, ಆರೋಗ್ಯ ವಿಮೆಯ ಕಂತು ತಿಂಗಳ ಲೆಕ್ಕಕ್ಕೆ 4 ಸಾವಿರ, ಔಷಧ ಮತ್ತು ರಕ್ತ ಪರೀಕ್ಷೆ ಎರಡೂವರೆ ಸಾವಿರ, ಕರೆಂಟು, ಗ್ಯಾಸು, ಫೋನು ಎರಡೂವರೆ ಸಾವಿರ, ಬೆಂಗಳೂರಿಗೆ ಹೋಗಿ ಬರುವುದು ಮತ್ತು ಉಳಿದದ್ದು 3 ಸಾವಿರ.

ಉಳಿದ 18 ಸಾವಿರದಲ್ಲಿ 13 ಸಾವಿರ ಬಾಡಿಗೆಯಿಂದಲೇ ಬಂದದ್ದು. ಕಾಯಿಪಲ್ಲೆ, ಆಟೋ, ಮನೆಗೆಲಸದವರ ಸಂಬಳದಿಂದ ಇನ್ನು ಐದು ಸಾವಿರ. ಗ್ಯಾಸ್ ಸಿಲಿಂಡರ್, ಫೋನು, ಮಾತ್ರೆ ಯಾವುದೂ ಊರಿಗೆ ತಕ್ಕಂತೆ ಅಗ್ಗ ಆಗುವುದಿಲ್ಲ. ನಿಮ್ಮ ಖರ್ಚಿನಲ್ಲಿ ಬಾಡಿಗೆಯ ಪಾಲು ಕಡಿಮೆ ಇದ್ದರೆ, ಅಂದರೆ ಬೆಂಗಳೂರಿನಲ್ಲಿ ಸ್ವಂತ ಮನೆಯಲ್ಲೇ ಇದ್ದರೆ, ಸುಮ್ನೆ ಊರು ಬದಲಿಸುವುದರಿಂದ ಉಳಿಯುವುದು ಬಹಳ ಕಡಿಮೆ. ಆ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದರೆ ಮಾತ್ರ ಲಾಭ.

ಊರು ಆರಿಸುವ ಮೊದಲು ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ ಬನ್ನಿ

ನಮ್ಮ ಮನೆಯವರಿಗೆ 2019ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಹಾಗಾಗಿ ಊರನ್ನು ಬಾಡಿಗೆ ನೋಡಿ ಆರಿಸುವ ಹಾಗಿರಲಿಲ್ಲ. ಹೃದಯಾಘಾತ ಆದಾಗ ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯಬೇಕು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ತೆರೆಯಲು ಎರಡು ದಾರಿ. ಕ್ಯಾಥ್ ಲ್ಯಾಬ್ ಅನ್ನುವ ಕೋಣೆಯಲ್ಲಿ ಆಂಜಿಯೋಪ್ಲಾಸ್ಟಿ, ಅಂದರೆ ಸಣ್ಣ ನಳಿಕೆ ತೂರಿಸಿ ನಾಳ ಬಿಡಿಸುವುದು ಒಂದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವುದು ಇನ್ನೊಂದು.

ಗದಗಿನಲ್ಲಿ ಎರಡು ಕೋಣೆಯ ಮನೆ 8 ಸಾವಿರಕ್ಕೆ ಸಿಗುತ್ತಿತ್ತು. ಧಾರವಾಡಕ್ಕಿಂತ ತಿಂಗಳಿಗೆ 3 ಸಾವಿರ ಕಡಿಮೆ, ವರ್ಷಕ್ಕೆ 36 ಸಾವಿರ. ನಾದಿನಿಯ ಮನೆಯಲ್ಲಿ ನಾಲ್ಕು ದಿನ ಉಳಿದು, ಒಂದು ದಿನ ರಾತ್ರಿ ಹತ್ತು ಗಂಟೆಗೆ ಅಲ್ಲಿನ ಒಂದು ಆಸ್ಪತ್ರೆಗೆ ಹೋಗಿ ನೇರವಾಗಿ ಕೇಳಿದೆವು. ಡ್ಯೂಟಿಯಲ್ಲಿದ್ದ ನರ್ಸ್ ಪ್ರಾಮಾಣಿಕವಾಗಿ ಹೇಳಿದರು: "ಅಕ್ಕಾರ, ರಾತ್ರಿ ಹೃದಯದ ಕೇಸ್ ಬಂದ್ರ ನಾವು ಇಂಜೆಕ್ಷನ್ ಕೊಟ್ಟು ಹುಬ್ಬಳ್ಳಿಗೆ ಕಳಸ್ತೀವ್ರಿ."

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ರಸ್ತೆ ಚೆನ್ನಾಗಿದ್ದರೂ ಆಂಬುಲೆನ್ಸ್ ಬರುವುದು, ರೋಗಿಯನ್ನು ಹತ್ತಿಸುವುದು, ಅಲ್ಲಿ ಮತ್ತೆ ದಾಖಲೆ ಮಾಡುವುದು ಸೇರಿದರೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಧಾರವಾಡದಲ್ಲಿ ನಾವು ನೋಡಿದ ಮನೆಯಿಂದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಆಟೋದಲ್ಲೇ ಹೋಗಬಹುದಿತ್ತು. ಅದೇ ದಾರಿಯಲ್ಲಿ ಮುಂದೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇನ್ನೂ ಮುಂದೆ ಹುಬ್ಬಳ್ಳಿಯ ಸರ್ಕಾರಿ ಕೆಎಂಸಿ-ಆರ್‌ಐ ಇದೆ. ಜನ ಅದನ್ನು ಇನ್ನೂ ಕಿಮ್ಸ್ ಅಂತಲೇ ಕರೆಯುತ್ತಾರೆ. ವರ್ಷಕ್ಕೆ 36 ಸಾವಿರ ಜಾಸ್ತಿ ಕೊಟ್ಟು ನಾವು ಕೊಂಡದ್ದು ಆ ಒಂದೂವರೆ ಗಂಟೆಯನ್ನು.

ಇದರರ್ಥ ಗದಗ, ಹಾವೇರಿ ಬೇಡ ಅಂತಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್, ಕಣ್ಣಿನ ಪೊರೆ ಇಷ್ಟೇ ಇರುವವರಿಗೆ ಈ ಊರುಗಳು ಸಾಕು. ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಪಾರ್ಶ್ವವಾಯು ಆದವರು, ಕ್ಯಾನ್ಸರ್‌ಗೆ ಪದೇಪದೇ ಹೋಗಬೇಕಾದವರು ದೂರವನ್ನು ಗಂಟೆಯ ಲೆಕ್ಕದಲ್ಲಿ ಅಳೆಯಬೇಕು. ಹಾವೇರಿಯವರಿಗೆ ಹುಬ್ಬಳ್ಳಿ ಒಂದು ಕಡೆ, ದಾವಣಗೆರೆ ಇನ್ನೊಂದು ಕಡೆ, ಎರಡೂ 70 ಕಿ.ಮೀ. ಮೇಲೆಯೇ. ಯಾವ ಕಡೆಗೆ ಹೋಗುವುದು ಅಂತ ಮೊದಲೇ ತೀರ್ಮಾನಿಸಿ, ಆ ಆಸ್ಪತ್ರೆಯಲ್ಲಿ ಹಳೆಯ ರಿಪೋರ್ಟ್ ತೋರಿಸಿ ಒಂದು ಫೈಲ್ ಮಾಡಿಸಿಡಿ.

ನೀವು ಹೋದಾಗ ಕೇಳಬೇಕಾದದ್ದು ಮೂರೇ. ರಾತ್ರಿ ಕ್ಯಾಥ್ ಲ್ಯಾಬ್ ನಡೆಯುತ್ತದೆಯೇ, ಅಥವಾ ನಿಮ್ಮ ಕಾಯಿಲೆಗೆ ಬೇಕಾದ ತಜ್ಞರು ರಾತ್ರಿ ಬರುತ್ತಾರೆಯೇ? ಸಿ.ಟಿ. ಸ್ಕ್ಯಾನ್ ಇಪ್ಪತ್ತನಾಲ್ಕು ಗಂಟೆ ಇದೆಯೇ? ನನ್ನ ವಿಮಾ ಕಂಪನಿಗೆ ಇಲ್ಲಿ ಕ್ಯಾಶ್‌ಲೆಸ್ ಇದೆಯೇ? ಮೂರನೆಯದನ್ನು ಹಗಲು ಹೊತ್ತಿನಲ್ಲಿ ಆಸ್ಪತ್ರೆಯ ವಿಮೆ ಕೌಂಟರಿಗೇ ಕಾರ್ಡ್ ತೋರಿಸಿ ಕೇಳಿ. ಕಂಪನಿಯ ವೆಬ್‌ಸೈಟಿನಲ್ಲಿರುವ ಪಟ್ಟಿ ಹಳೆಯದಾಗಿರಬಹುದು.

ಸಣ್ಣ ಊರಲ್ಲಿರುವವರು ಇನ್ನೊಂದು ತಿಳಿದಿರಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಬೇಕಾದರೆ ಟೆನೆಕ್ಟೆಪ್ಲೇಸ್ ಅನ್ನುವ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಎದೆನೋವು ಬಂದರೆ ಗ್ಯಾಸ್ಟ್ರಿಕ್ ಇರಬೇಕು ಅಂತ ಬೆಳಗಿನವರೆಗೆ ಕಾಯುವುದು ಬೇಡ. ನೇರವಾಗಿ ದೂರದ ಊರಿಗೆ ಕಾರು ಬಿಡುವುದೂ ಬೇಡ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ.

ಆರೋಗ್ಯ ವಿಮೆ: ಕೆಲಸ ಬಿಡುವ ಆರು ತಿಂಗಳ ಮೊದಲೇ

ಕಂಪನಿ ಕೊಟ್ಟ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ನಿವೃತ್ತಿಯ ಓಡಾಟದಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ. ಹಾವೇರಿಯಲ್ಲಿರುವ ನಮ್ಮ ಭಾವನವರಿಗೆ ಆದದ್ದು ಇದೇ. ಊರಿಗೆ ಬಂದು, ಮನೆ ಸರಿ ಮಾಡಿಕೊಂಡು, ನಾಲ್ಕು ತಿಂಗಳ ಮೇಲೆ ಹೊಸ ಪಾಲಿಸಿ ಮಾಡಿಸಿದರು. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮೊದಲೇ ಇದ್ದವು. ಅವುಗಳಿಂದ ಬರುವ ತೊಂದರೆಗೆ ಮೂರು ವರ್ಷ ವಿಮೆ ಸಿಗುವುದಿಲ್ಲ ಅಂತ ಬರೆದು ಬಂತು.

ಹಾಗಾಗದಂತೆ ಎರಡು ದಾರಿ ಇವೆ. ಕಂಪನಿಯ ಗುಂಪು ವಿಮೆ ಯಾವ ವಿಮಾ ಕಂಪನಿಯದೋ ಅದರಲ್ಲೇ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಹಾಗೆ ಮಾಡಿದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಹಳೇ ಕಾಯಿಲೆಗೆ ಕಾಯಬೇಕಾದ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಇದನ್ನು ಗುಂಪು ವಿಮೆ ಮುಗಿಯುವ ಮೊದಲೇ ಎಚ್‌ಆರ್ ಮೂಲಕ ಲಿಖಿತವಾಗಿ ಕೇಳಬೇಕು. ಇನ್ನೊಂದು, ಕೆಲಸದಲ್ಲಿರುವಾಗಲೇ ಬೇರೆ ಸ್ವಂತ ಪಾಲಿಸಿ ಮಾಡಿಸಿಡುವುದು. ನಾವು 2016ರಲ್ಲಿ ಇಬ್ಬರಿಗೂ ಸೇರಿ ಒಂದು ಮಾಡಿಸಿದ್ದೆವು. ಸ್ಟೆಂಟ್ ಹಾಕಿದ್ದು ಆಮೇಲೆ. ಹಾಗಾಗಿ ಹೃದಯದ ವಿಷಯದಲ್ಲಿ ನಮಗೆ ತೊಂದರೆ ಆಗಲಿಲ್ಲ.

ಹಳೇ ಪಾಲಿಸಿ ಇಷ್ಟವಾಗದಿದ್ದರೆ ಬೇರೆ ಕಂಪನಿಗೆ ಪೋರ್ಟ್ ಮಾಡಬಹುದು. ನವೀಕರಣದ ದಿನಕ್ಕೆ 45 ದಿನ ಇರುವಾಗಲೇ ಅರ್ಜಿ ಹಾಕಬೇಕು. ಒಪ್ಪುವುದು ಬಿಡುವುದು ಹೊಸ ಕಂಪನಿಗೆ ಸೇರಿದ್ದು. ಅವರು ಒಪ್ಪಿದ್ದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

ಪ್ರೀಮಿಯಂ ಇಳಿದರೆ ಯಾಕೆ ಇಳಿಯಿತು ಅಂತ ಕೇಳಿ

ನಮಗೆ ಆದ ದೊಡ್ಡ ಪೆಟ್ಟು ಇಲ್ಲಿ. ಧಾರವಾಡಕ್ಕೆ ಬಂದ ಮೇಲೆ ವಿಳಾಸ ಬದಲಿಸಿದೆವು. ವರ್ಷದ ಪ್ರೀಮಿಯಂ 57 ಸಾವಿರದಿಂದ 48 ಸಾವಿರಕ್ಕೆ ಇಳಿಯಿತು. ಸಣ್ಣ ಊರಿಗೆ ಬಂದದ್ದಕ್ಕೆ ಇದೂ ಒಂದು ಉಳಿತಾಯ ಅಂತ ಖುಷಿಪಟ್ಟೆವು. ನಿಜ ಸಂಗತಿ ಬೇರೆ ಇತ್ತು. ಕೆಲವು ಪಾಲಿಸಿಗಳು ಊರುಗಳನ್ನು ವಲಯಗಳಾಗಿ ಹಂಚಿರುತ್ತವೆ. ದೊಡ್ಡ ನಗರಗಳು ಮೊದಲ ವಲಯ, ಸಣ್ಣ ಊರುಗಳು ನಂತರದ ವಲಯ. ಕೆಳಗಿನ ವಲಯದ ಪ್ರೀಮಿಯಂ ಕಟ್ಟಿ ಮೇಲಿನ ವಲಯದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಾವೇ ಕೊಡಬೇಕು, ಅದಕ್ಕೆ ಕೋ-ಪೇಮೆಂಟ್ ಅನ್ನುತ್ತಾರೆ. ನಮ್ಮದರಲ್ಲಿ ಅದು ಶೇ 20.

2024ರ ಕೊನೆಯಲ್ಲಿ ನನ್ನ ಮೊಣಕಾಲಿನ ಆಪರೇಷನ್ ಆಯಿತು. ಧಾರವಾಡದಲ್ಲೇ ಮಾಡಿಸಬಹುದಿತ್ತು. ಆದರೆ ಆಮೇಲೆ ಆರು ವಾರ ನೋಡಿಕೊಳ್ಳುವವರು ಯಾರು? ಮಗಳು ಇರುವುದು ಬೆಂಗಳೂರಿನಲ್ಲಿ. "ಇಲ್ಲೇ ಬಾ ಅಮ್ಮ, ನಾನು ರಜಾ ಹಾಕ್ತೀನಿ" ಅಂದಳು, ಹೋದೆ. ಬಿಲ್ಲು 3 ಲಕ್ಷ 40 ಸಾವಿರ. ಅದರಲ್ಲಿ 68 ಸಾವಿರ ನಾವು ಕೈಯಿಂದ ಕಟ್ಟಿದೆವು. ವರ್ಷಕ್ಕೆ 9 ಸಾವಿರದಂತೆ ಏಳು ವರ್ಷ ಉಳಿಸಿದ್ದರೂ ಆ ದುಡ್ಡು ಬರುತ್ತಿರಲಿಲ್ಲ.

ಅವತ್ತು ನನಗೆ ತಿಳಿದದ್ದು ಇಷ್ಟು. ವಯಸ್ಸಾದವರು ದೊಡ್ಡ ಚಿಕಿತ್ಸೆಗೆ ತಾವಿರುವ ಊರಿಗಿಂತ ಮಕ್ಕಳಿರುವ ಊರಿಗೇ ಹೋಗುತ್ತಾರೆ. ಆದ್ದರಿಂದ ವಿಮೆಯ ವಲಯವನ್ನು ಮಕ್ಕಳ ಊರು ನೋಡಿ ಇಟ್ಟುಕೊಳ್ಳಿ. ಮಕ್ಕಳು ಹುಬ್ಬಳ್ಳಿಯಲ್ಲೇ ಇದ್ದರೆ ಕಡಿಮೆ ವಲಯ ಸಾಕು. ಬೆಂಗಳೂರು, ಪುಣೆಯಲ್ಲಿದ್ದರೆ ಮೇಲಿನ ವಲಯವೇ ಇರಲಿ, ಅಥವಾ ವಲಯದ ಷರತ್ತೇ ಇಲ್ಲದ ಪಾಲಿಸಿ ನೋಡಿ. ಮುಂದಿನ ನವೀಕರಣದಲ್ಲಿ ನಾವು ಮತ್ತೆ ಮೇಲಿನ ವಲಯಕ್ಕೆ ಬದಲಿಸಿಕೊಂಡೆವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲವಾದ್ದರಿಂದ ಆ ಭಾರ ಸ್ವಲ್ಪ ಹಗುರವಾಯಿತು.

ಪಾಲಿಸಿ ಪುಸ್ತಕದಲ್ಲಿ "ಝೋನ್" ಮತ್ತು "ಕೋ-ಪೇಮೆಂಟ್" ಅನ್ನುವ ಎರಡು ಪದ ಹುಡುಕಿ, ಅವು ಇರುವ ಪುಟಗಳನ್ನು ಪೂರ್ತಿ ಓದಿ. ಏಜೆಂಟ್ ಬಾಯಿಮಾತಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಕೇಳಿ ಪಡೆಯಿರಿ.

ವಿಮೆಗೆ ಸೇರದ ಖರ್ಚು

ಆಸ್ಪತ್ರೆಗೆ ದಾಖಲಾದರೆ ವಿಮೆ ಇದೆ. ಪ್ರತಿ ತಿಂಗಳ ಮಾತ್ರೆಗೆ ಇಲ್ಲ. ಆದರೆ ನಿವೃತ್ತರ ಕೈ ಸವೆಯುವುದು ಅಲ್ಲೇ. ನಮ್ಮ ಮನೆಯವರ ಡಾಕ್ಟರಿಗೆ ಜನೌಷಧಿ ಕೇಂದ್ರದಲ್ಲಿ ಸಿಗುವ ಮಾತ್ರೆ ತೆಗೆದುಕೊಳ್ಳಬಹುದೇ ಅಂತ ಕೇಳಿದೆವು. ಅವರು ಬ್ರ್ಯಾಂಡ್ ಹೆಸರಿನ ಬದಲು ಔಷಧದ ಹೆಸರನ್ನೇ ಬರೆದುಕೊಟ್ಟರು: ಅಟೋರ್ವಾಸ್ಟಾಟಿನ್, ಟೆಲ್ಮಿಸಾರ್ಟಾನ್, ಹೀಗೆ. ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಬರುತ್ತಿವೆ. ಒಂದೇ ತೊಂದರೆ ಅಂದರೆ ಕೆಲವು ಸಲ ಸ್ಟಾಕ್ ಇರುವುದಿಲ್ಲ. ಸ್ಟೆಂಟ್ ಇದ್ದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ತಪ್ಪಿಸಬಾರದು. ಹಾಗಾಗಿ ಮಾತ್ರೆ ಹದಿನೈದು ದಿನಕ್ಕೆ ಉಳಿದಿರುವಾಗಲೇ ನಾವು ತರುತ್ತೇವೆ.

ಪಡಿತರ ಚೀಟಿಯ ವಿಳಾಸವನ್ನೂ ಬದಲಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ ಸಿಗುತ್ತದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ಮೇಲೆ ಖಾಸಗಿಗೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಆಪರೇಷನ್ ಆದ ಮೇಲೆ ಹೋದರೆ ಅವರೇನೂ ಮಾಡಲಾರರು. ದಾಖಲಾಗುವಾಗಲೇ ಭೇಟಿ ಮಾಡಿ.

ಇದರ ಮೇಲೆ ಆರೋಗ್ಯಕ್ಕೆಂದೇ 6 ಲಕ್ಷ ಬೇರೆ ಇಟ್ಟಿದ್ದೇವೆ, ಒಂದೊಂದು ಲಕ್ಷದ ಆರು ಎಫ್‌ಡಿ ಮಾಡಿ. ಬೇಕಾದಾಗ ಒಂದನ್ನೇ ಮುರಿದರೆ ಉಳಿದವುಗಳ ಬಡ್ಡಿ ಹೋಗುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಜಂಟಿ ಎಫ್‌ಡಿಯಲ್ಲಿ "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಅಂತ ಬರೆಸಿದ್ದರೂ, ಅವಧಿಗೆ ಮೊದಲು ಮುರಿಯಲು ಬ್ಯಾಂಕಿನವರು ಇಬ್ಬರ ಸಹಿಯನ್ನೂ ಕೇಳಬಹುದು. ಒಬ್ಬರು ಐಸಿಯುನಲ್ಲಿದ್ದರೆ ಸಹಿ ಎಲ್ಲಿಂದ ತರುವುದು, ಅಲ್ವಾ? ಒಬ್ಬರ ಸಹಿ ಸಾಕು ಅನ್ನುವ ಒಪ್ಪಿಗೆ ಪತ್ರವನ್ನು ಎಫ್‌ಡಿ ಮಾಡುವಾಗಲೇ ಇಬ್ಬರೂ ಕೊಡಬೇಕು. ಅದರ ಜೊತೆ ಒಂದು ಲಕ್ಷವಾದರೂ ಜಂಟಿ ಉಳಿತಾಯ ಖಾತೆಯಲ್ಲಿರಲಿ.

ತಿಂಗಳ ಆದಾಯ ಎಲ್ಲಿಂದ

ಖಾಸಗಿ ಕೆಲಸದವರಿಗೆ ಪಿಎಫ್ ಜೊತೆ ಬರುವ ಇಪಿಎಸ್ ಪಿಂಚಣಿ ಬಹಳ ಸಣ್ಣದು. ಸಂಬಳ ಎಷ್ಟೇ ಇದ್ದರೂ ಸಾಮಾನ್ಯವಾಗಿ 15 ಸಾವಿರ ಮಾತ್ರ ಲೆಕ್ಕಕ್ಕೆ ಬರುತ್ತದೆ. 2014ರ ಸೆಪ್ಟೆಂಬರ್‌ಗೆ ಮೊದಲಿನ ವರ್ಷಗಳಿಗೆ ಅದು ಆರೂವರೆ ಸಾವಿರ. ನಮ್ಮ ಮನೆಯವರಿಗೆ ಬರುವುದು ತಿಂಗಳಿಗೆ 4,300. ಬೆಲೆ ಏರಿದರೂ ಇದು ಏರುವುದಿಲ್ಲ. ಅವರ ನಂತರ ನನಗೆ ಇದರ ಅರ್ಧ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಈ ಪಿಂಚಣಿ ಪಡೆಯಬಹುದಾದ್ದರಿಂದ ಊರು ಬದಲಿಸಿದವರಿಗೆ ಪಿಂಚಣಿ ಕಾಗದ ವರ್ಗ ಮಾಡಿಸುವ ಓಡಾಟ ತಪ್ಪಿದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಟ್ಟರೆ ಸಾಕು.

ಉಳಿದ ಆದಾಯ 58 ಲಕ್ಷದಿಂದಲೇ ಬರಬೇಕು. 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟೆವು. ಒಬ್ಬರಿಗೆ ಅಷ್ಟೇ ಮಿತಿ. 2023ರಲ್ಲಿ ಶೇ 8.2 ಬಡ್ಡಿ ಇತ್ತು. ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ಅಂದರೆ ತಿಂಗಳಿಗೆ 20,500. ನನಗೆ ಆಗ ಅರವತ್ತು ಆಗಿರಲಿಲ್ಲ, ಹಾಗಾಗಿ ನನ್ನ ಹೆಸರಲ್ಲಿ ಇನ್ನೊಂದು ಮಾಡಲಾಗಲಿಲ್ಲ. 15 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ ಇಟ್ಟೆವು. ಶೇ 7.4ರಂತೆ ತಿಂಗಳಿಗೆ 9,250. ಆರೋಗ್ಯದ ಎಫ್‌ಡಿ 6 ಲಕ್ಷ. ಕೊನೆಯ 7 ಲಕ್ಷವನ್ನು ಷೇರು ಮತ್ತು ಸಾಲಪತ್ರ ಎರಡೂ ಇರುವ ಮ್ಯೂಚುವಲ್ ಫಂಡ್‌ನಲ್ಲಿ, ಹತ್ತು ವರ್ಷ ಮುಟ್ಟುವುದಿಲ್ಲ ಅಂದುಕೊಂಡು ಇಟ್ಟಿದ್ದೇವೆ.

ಪಿಂಚಣಿ ಸೇರಿ ತಿಂಗಳಿಗೆ 34,050. ಖರ್ಚು 32,000. ಎರಡು ಸಾವಿರ ಉಳಿಯುತ್ತದೆ, ಸಾಕಲ್ಲ ಅಂತ ನೆಮ್ಮದಿಯಾಗಿದ್ದೆವು. ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬೆಲೆ ವರ್ಷಕ್ಕೆ ಶೇ 6 ಏರಿದರೆ ಎರಡು ವರ್ಷಕ್ಕೇ ಖರ್ಚು 36 ಸಾವಿರದ ಹತ್ತಿರ ಹೋಗುತ್ತದೆ. ಬಡ್ಡಿ ಅಲ್ಲೇ ನಿಂತಿರುತ್ತದೆ. ಹತ್ತು ವರ್ಷಕ್ಕೆ ಖರ್ಚು 57 ಸಾವಿರ.

ದುಡ್ಡು ಎಷ್ಟು ವರ್ಷ ಬರುತ್ತದೆ

ಇದನ್ನು ತಿಳಿಯಲು ನೋಟ್‌ಬುಕ್ಕಿನ ಒಂದು ಪುಟ ಸಾಕು. ಮೊದಲ ಸಾಲು ಹೀಗೆ: ವರ್ಷದ ಶುರುವಿನಲ್ಲಿ 58 ಲಕ್ಷ. ಬಡ್ಡಿ ಸರಾಸರಿ ಶೇ 7.5 ಅಂದುಕೊಂಡರೆ 4 ಲಕ್ಷ 35 ಸಾವಿರ ಸೇರಿಸಿ. ಮುಂದೆ ದರ ಇಳಿಯಬಹುದು, ಅದಕ್ಕೇ ಸ್ವಲ್ಪ ಕಡಿಮೆ ಹಿಡಿದಿದ್ದೇನೆ. ವರ್ಷದ ಖರ್ಚು 3 ಲಕ್ಷ 84 ಸಾವಿರದಲ್ಲಿ ಪಿಂಚಣಿಯ 52 ಸಾವಿರ ಕಳೆದು, ಉಳಿದದ್ದನ್ನು ಇದರಿಂದ ತೆಗೆಯಿರಿ. ವರ್ಷದ ಕೊನೆಗೆ 59 ಲಕ್ಷ. ಮುಂದಿನ ಸಾಲಿಗೆ ಖರ್ಚನ್ನು 1.06ರಿಂದ ಗುಣಿಸಿ ಮತ್ತೆ ಇದೇ ಲೆಕ್ಕ. ಬಾಕಿ ಸೊನ್ನೆ ಆಗುವವರೆಗೆ ಬರೆಯುತ್ತಾ ಹೋಗಿ.

ನಮ್ಮ ಪುಟದಲ್ಲಿ ಮೊದಲ ಐದಾರು ವರ್ಷ ಗಂಟು ಬೆಳೆಯುತ್ತಲೇ ಹೋಯಿತು. ಆಮೇಲೆ ನಿಧಾನಕ್ಕೆ ಇಳಿಯಿತು. ಹದಿನೈದನೇ ವರ್ಷದ ನಂತರ ಬೇಗ ಬೇಗ ಕರಗಿತು. ಧಾರವಾಡದ ಖರ್ಚಿನಲ್ಲಿ ಅವರಿಗೆ ಸುಮಾರು 80 ಆದಾಗ ದುಡ್ಡು ಮುಗಿಯುತ್ತದೆ. ಬೆಂಗಳೂರಿನ 50 ಸಾವಿರದಿಂದ ಇದೇ ಲೆಕ್ಕ ಹಾಕಿದರೆ 72ಕ್ಕೇ ಮುಗಿಯುತ್ತಿತ್ತು. ಅಂದರೆ ಊರು ಬದಲಿಸಿದ್ದರಿಂದ ನಮಗೆ ಸಿಕ್ಕಿದ್ದು ಸುಮಾರು ಎಂಟು ವರ್ಷ. ಚಿಕ್ಕದಲ್ಲ. ಆದರೆ ಅವರಿಗೆ 80 ಆದಾಗ ನನಗೆ 77. ನನ್ನ ಅತ್ತೆ 91ರವರೆಗೆ ಇದ್ದರು. ಆ ಪುಟ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕೂತು ಎರಡು ತೀರ್ಮಾನ ಮಾಡಿದೆವು. ಒಂದು, ಇವರಿಗೆ ಲೆಕ್ಕಪತ್ರ ಬರೆದು ಗೊತ್ತು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ವಾರಕ್ಕೆ ಮೂರು ದಿನ ಹೋಗಿ ಖಾತೆ ಬರೆದು, ಜಿಎಸ್‌ಟಿ ಕೆಲಸ ನೋಡುತ್ತಾರೆ. ತಿಂಗಳಿಗೆ 8 ಸಾವಿರ. ಅರವತ್ತೇಳರವರೆಗೆ ಮಾಡುವ ಯೋಚನೆ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಓದಿನ ಊರು. ಖಾತೆ ಬರೆಯುವವರಿಗೆ ಅಲ್ಲಿ, ಪಾಠ ಹೇಳುವವರಿಗೆ ಇಲ್ಲಿ ಕೆಲಸ ಸಿಗುತ್ತದೆ. ಗದಗ, ಹಾವೇರಿಯಲ್ಲಿ ಇಂಥ ಕೆಲಸ ಪರಿಚಯದವರ ಮೂಲಕವೇ ಸಿಗಬೇಕು. ಊರಿಗೆ ಬರುವ ಮೊದಲೇ ನಾಲ್ಕು ಜನರ ಹತ್ತಿರ ಮಾತಾಡಿಡಿ.

ಎರಡನೆಯದು ಕಷ್ಟದ ಮಾತು. ಮಗಳಿಗೆ ನೋಟ್‌ಬುಕ್ ತೋರಿಸಿ, "ವಿಮೆಯ ಕಂತು ಇನ್ನು ಮುಂದೆ ನೀನು ಕಟ್ಟು" ಅಂತ ಕೇಳಿದೆವು. ವಯಸ್ಸಾದಂತೆ ಬೇಗ ಏರುವ ಖರ್ಚು ಅದೇ, ಅದಕ್ಕೇ ಅದನ್ನು ಆರಿಸಿದೆವು. ಅವಳು ತಕ್ಷಣ ಒಪ್ಪಿದಳು. ಮೊದಲೇ ಯಾಕೆ ಹೇಳಲಿಲ್ಲ ಅಂತ ಸಿಟ್ಟೂ ಮಾಡಿದಳು. ಈ ಎರಡನ್ನೂ ಮೊದಲ ವರ್ಷದಿಂದಲೇ ಸೇರಿಸಿ ಪುಟವನ್ನು ಮತ್ತೆ ಬರೆದರೆ ದುಡ್ಡು ಅವರ 86ರವರೆಗೆ ಬರುತ್ತದೆ. ಬೇಗ ಶುರು ಮಾಡಿದಷ್ಟೂ ಲಾಭ ಜಾಸ್ತಿ, ಯಾಕಂದರೆ ಮೊದಲ ವರ್ಷಗಳಲ್ಲಿ ಉಳಿದ ದುಡ್ಡು ಜಾಸ್ತಿ ಕಾಲ ಬೆಳೆಯುತ್ತದೆ.

ಊರಲ್ಲಿ ಹಿರಿಯರ ಮನೆ ಇದ್ದು ಬಾಡಿಗೆಯೇ ಇಲ್ಲದವರ ಲೆಕ್ಕ ಪೂರ್ತಿ ಬೇರೆ. ನಮ್ಮ ಖರ್ಚಿನಿಂದ 11 ಸಾವಿರ ತೆಗೆದರೆ ಇದೇ 58 ಲಕ್ಷ ತೊಂಬತ್ತು ದಾಟಿಯೂ ಉಳಿಯುತ್ತದೆ. ಅಂಥ ಮನೆಯಲ್ಲಿ ಪಾಲು ಇದ್ದರೆ ಅಣ್ಣತಮ್ಮಂದಿರ ಜೊತೆ ಕೂತು ಈಗಲೇ ಕಾಗದ ಮಾಡಿಸಿಕೊಳ್ಳಿ. ಆದರೆ ಬಾಡಿಗೆ ಉಳಿಸಲು ಕೈಯಲ್ಲಿರುವ ದುಡ್ಡಿನಿಂದ 40 ಲಕ್ಷದ ಮನೆ ಕೊಂಡರೆ ತಿಂಗಳ ಬಡ್ಡಿಯೇ ನಿಂತುಹೋಗುತ್ತದೆ. ತಿಂಗಳಿಗೆ 11 ಸಾವಿರ ಉಳಿಸಲು 25 ಸಾವಿರ ಬಿಟ್ಟುಕೊಟ್ಟ ಹಾಗೆ.

ಕಾಗದದ ವಿಷಯದಲ್ಲಿ ಎರಡು ಮಾತು. ಹಿರಿಯ ನಾಗರಿಕರ ಯೋಜನೆಯ ಖಾತೆಯಲ್ಲಿ ಗಂಡ ಅಥವಾ ಹೆಂಡತಿ ಜಂಟಿಯಾಗಿದ್ದರೆ, ಇಲ್ಲವೇ ಅವರೊಬ್ಬರೇ ನಾಮಿನಿ ಆಗಿದ್ದರೆ, ಒಬ್ಬರು ಹೋದ ಮೇಲೂ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ಹಾಗೇ ಬರೆಸಿ. ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ. ನಮ್ಮಷ್ಟು ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಜನ 15ಎಚ್ ಅಂತ ಕರೆಯುವ ಘೋಷಣಾ ಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ಕೊಟ್ಟರೆ ಹಿಡಿಯುವುದಿಲ್ಲ. ಒಂದು ವರ್ಷ ಮರೆತೆವು, ರಿಟರ್ನ್ ಹಾಕಿ ವಾಪಸ್ ಪಡೆಯಲು ತಿಂಗಳುಗಟ್ಟಲೆ ಕಾದೆವು.

ಮನೆ: ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ

ಮನೆ ನೋಡಲು ಹೋದಾಗ ಮೊದಲು ಕೇಳಿ: "ನೀರು ಎಷ್ಟು ದಿನಕ್ಕೊಮ್ಮೆ ಬರ್ತದ್ರಿ?" ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರಿದೆ. ಉಳಿದ ಕಡೆ ಕೆಲವು ದಿನಕ್ಕೊಮ್ಮೆ ಬಿಡುತ್ತಾರೆ. ಗದಗಿನಲ್ಲಿ ಬೇಸಿಗೆಯಲ್ಲಿ ಇನ್ನೂ ತಡ. ಉತ್ತರವನ್ನು ಮಾಲೀಕರಿಂದಲ್ಲ, ಪಕ್ಕದ ಮನೆಯವರಿಂದ ಪಡೆಯಿರಿ. ಸಂಪು ದೊಡ್ಡದಿದೆಯೇ, ಮೇಲಿನ ಟ್ಯಾಂಕಿಗೆ ಮೋಟರು ಇದೆಯೇ ನೋಡಿ. ಎಪ್ಪತ್ತರಲ್ಲಿ ಕೊಡ ಹೊರಲು ಆಗುವುದಿಲ್ಲ.

ಇಲ್ಲಿ ಮಹಡಿ ಮನೆಗೆ ಬಾಡಿಗೆ ಒಂದೆರಡು ಸಾವಿರ ಕಡಿಮೆ. ಲಿಫ್ಟ್ ಇರುವುದಿಲ್ಲ. ನಾವು ಮೊದಲು ಮಹಡಿಯಲ್ಲೇ ಇದ್ದೆವು. ಮೊಣಕಾಲಿನ ಆಪರೇಷನ್ ಆದ ಮೇಲೆ ನೆಲಮಹಡಿ ಹುಡುಕಬೇಕಾಯಿತು. ಮತ್ತೆ ಸಾಮಾನು ಸಾಗಿಸುವ ಖರ್ಚು, ಹೊಸ ಡಿಪಾಜಿಟ್. ಸ್ಟ್ರೆಚರ್ ತಿರುಗುವಷ್ಟು ಅಗಲದ ಬಾಗಿಲು, ಆಂಬುಲೆನ್ಸ್ ಬರುವಷ್ಟು ಅಗಲದ ಓಣಿ ಇದೆಯೇ ಅನ್ನುವುದನ್ನೂ ಆಗಲೇ ನೋಡಿ. ಹಳೇ ಧಾರವಾಡದ ಕೆಲವು ಓಣಿಗಳಲ್ಲಿ ಆಟೋ ಕೂಡ ಕಷ್ಟಪಟ್ಟು ಹೋಗುತ್ತದೆ.

ಸಾಧ್ಯವಾದರೆ ಬೆಂಗಳೂರಿನ ಮನೆ ಖಾಲಿ ಮಾಡುವ ಮೊದಲು ಏಪ್ರಿಲ್‌ನಲ್ಲಿ ಹದಿನೈದು ದಿನ, ಜುಲೈನಲ್ಲಿ ಹದಿನೈದು ದಿನ ಇಲ್ಲಿದ್ದು ನೋಡಿ. ಗದಗಿನ ಬಿಸಿಲು, ಧಾರವಾಡದ ಜಿಟಿಜಿಟಿ ಮಳೆ ಎರಡೂ ವಯಸ್ಸಾದ ಮೈಗೆ ಬೇರೆ ಥರವೇ ಅನ್ನಿಸುತ್ತವೆ. ಅಸ್ತಮಾ ಇರುವ ನಮ್ಮ ಗೆಳತಿಯೊಬ್ಬಳು ಜುಲೈನ ಹದಿನೈದು ದಿನ ನೋಡಿ ಧಾರವಾಡ ಬಿಟ್ಟು ಗದಗವನ್ನೇ ಆರಿಸಿಕೊಂಡಳು. ಅವಳಿಗೆ ಹೃದಯದ ತೊಂದರೆ ಇಲ್ಲ, ಗದಗದ ಪಕ್ಕದ ಬೆಟಗೇರಿಯಲ್ಲಿ ತವರಿನ ಮನೆ ಇದೆ. ಅವಳ ಲೆಕ್ಕಕ್ಕೆ ಅದೇ ಸರಿ.